ಸಂಜೆ ಅಳೆದ ಕಾಲಿಗೇ ಶೂ: ಊದುವ ಪಾದಕ್ಕೆ, ಜೋಮು ಹಿಡಿದ ಪಾದಕ್ಕೆ

"ಬಿಗಿಯಾಗಿ ಇಲ್ಲದಿದ್ದರೆ ಶೂ ಹಾಕಿದ ಹಾಗೇ ಅನ್ಸಲ್ಲಪ್ಪ."

ಹೋದ ವರ್ಷ ದಾವಣಗೆರೆಯ ಒಬ್ಬ ನಿವೃತ್ತ ಮೇಷ್ಟ್ರು ನನ್ನ ಮುಂದೆ ಕೂತು ಹೇಳಿದ ಮಾತಿದು. ಶುಗರ್ ಬಂದು ಹದಿನಾರು ವರ್ಷ ಆಗಿತ್ತು. ಬಿಪಿ ಮಾತ್ರೆಯೂ ಇತ್ತು. ಸಂಜೆಯಾದರೆ ಎರಡೂ ಕಾಲು ಊದುತ್ತಿದ್ದವು. ಹಾಕಿಕೊಂಡು ಬಂದಿದ್ದು 7 ನಂಬರಿನ ಕಪ್ಪು ಶೂ, ಕೈಯಲ್ಲಿ ಚೀಲ, ಆ ಚೀಲದಲ್ಲಿ ಮಗ ಆನ್‌ಲೈನ್‌ನಲ್ಲಿ ತರಿಸಿಕೊಟ್ಟ 10 ನಂಬರಿನ ಇನ್ನೊಂದು ಜೊತೆ. 7ರಿಂದ ಕಿರುಬೆರಳಿನ ಪಕ್ಕ ಆಣಿ ಬಂದಿತ್ತು. 10ರಿಂದ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ಎರಡೂ ಅವರಿಗೆ ನೋಯುತ್ತಿರಲಿಲ್ಲ. ಕಾಲುಚೀಲಕ್ಕೆ ಕಲೆ ಹತ್ತಿದ್ದನ್ನು ನೋಡಿ ಹೆಂಡತಿ ಕಳಿಸಿದ್ದರು.

ಶುಗರ್ ಇರುವವರ ಪಾದಕ್ಕೆ ಅಳತೆ ತೆಗೆದು ಶೂ, ಚಪ್ಪಲಿ ಮಾಡುವುದು ನನ್ನ ಕೆಲಸ. ಮೇಷ್ಟ್ರ ಮಾತನ್ನು ಬೇರೆ ಬೇರೆ ರೀತಿಯಲ್ಲಿ ತುಂಬಾ ಜನರ ಬಾಯಲ್ಲಿ ಕೇಳಿದ್ದೇನೆ. ಕಾಲಿನ ಹುಣ್ಣು ಎಷ್ಟೋ ಸಲ ಈ ಮಾತಿನಿಂದಲೇ ಶುರುವಾಗುತ್ತದೆ. ಅದಕ್ಕೇ ಅಲ್ಲಿಂದಲೇ ಹೇಳುತ್ತೇನೆ.

ಬಹಳ ವರ್ಷ ಸಕ್ಕರೆ ಜಾಸ್ತಿ ಇದ್ದರೆ ಪಾದದ ನರಗಳು ಮಂಕಾಗುತ್ತವೆ. ಮೊದಲು ಬೆರಳ ತುದಿ, ಆಮೇಲೆ ಮೇಲಕ್ಕೆ. ಚೆನ್ನಾಗಿರುವ ಕಾಲಿಗೆ ಶೂ ಸುಮ್ನೆ ತಾಗಿದರೂ ಗೊತ್ತಾಗುತ್ತದೆ, ಮಂಕಾದ ಕಾಲಿಗೆ ಶೂ ಹಿಂಡಿದರೆ ಮಾತ್ರ ಗೊತ್ತಾಗುತ್ತದೆ. ಹಾಗಾಗಿ ಸರಿಯಾದ ಅಳತೆಯ ಶೂ ಹಾಕಿದರೆ "ಲೂಸ್ ಇದೆ, ಬಿದ್ದುಹೋಗುತ್ತೆ" ಅನಿಸುತ್ತದೆ, ಒಂದು ನಂಬರ್ ಚಿಕ್ಕದು ಹಾಕಿದರೆ "ಈಗ ಸರಿಯಾಯ್ತು" ಅನಿಸುತ್ತದೆ. ಅಂಗಡಿಯವನೂ ತಲೆ ಆಡಿಸುತ್ತಾನೆ, ಗಿರಾಕಿಯೇ ಸರಿ ಇದೆ ಅಂದಮೇಲೆ ಇನ್ನೇನು, ಅಲ್ವಾ? ಆದರೆ ಈ ಕಾಲಿನ ವಿಷಯದಲ್ಲಿ ಗಿರಾಕಿಯ ಅನಿಸಿಕೆಯನ್ನು ನಂಬುವ ಹಾಗಿಲ್ಲ. ಟೇಪು, ಕಾಗದ, ಪೆನ್ಸಿಲ್ ಇವನ್ನೇ ನಂಬಬೇಕು.

ನಿಮ್ಮ ಮನೆಯವರ ಕಾಲು ಮಂಕಾಗಿದೆಯಾ ಅಂತ ನೋಡೋಕೆ ಒಂದು ಸುಲಭದ ದಾರಿ ಇದೆ. ಅವರನ್ನು ಮಲಗಿಸಿ ಕಣ್ಣು ಮುಚ್ಚಲು ಹೇಳಿ. ಹೆಬ್ಬೆರಳು, ನಡುಬೆರಳು, ಕಿರುಬೆರಳು, ಈ ಮೂರರ ತುದಿಯನ್ನು ನಿಮ್ಮ ತೋರುಬೆರಳಿಂದ ಒಂದೆರಡು ಸೆಕೆಂಡ್ ಹಗುರವಾಗಿ ಮುಟ್ಟಿ. ಒತ್ತಬೇಡಿ, ಕಚಗುಳಿ ಇಡಬೇಡಿ, ಮುಟ್ಟಿದರೆ ಸಾಕು. ಎರಡೂ ಕಾಲು ಸೇರಿ ಆರು ಜಾಗ ಆಯಿತು. ಎರಡು ಅಥವಾ ಅದಕ್ಕಿಂತ ಜಾಸ್ತಿ ಜಾಗದಲ್ಲಿ ಗೊತ್ತಾಗಲಿಲ್ಲ ಅಂದರೆ ಸ್ಪರ್ಶ ಕಡಿಮೆಯಾಗಿದೆ ಅಂತಲೇ ಲೆಕ್ಕ. ಡಾಕ್ಟರ ಹತ್ತಿರ ಇದೇ ಕೆಲಸಕ್ಕೆ ಒಂದು ನೈಲಾನ್ ಎಳೆ ಇರುತ್ತದೆ, ಬಾಗುವಷ್ಟು ಒತ್ತಿದಾಗ ಸರಿಯಾಗಿ 10 ಗ್ರಾಂ ಭಾರ ಬೀಳುವಂಥದ್ದು. ಮೇಷ್ಟ್ರಿಗೆ ಆರರಲ್ಲಿ ನಾಲ್ಕು ಜಾಗ ಗೊತ್ತಾಗಲಿಲ್ಲ. ಅವರು ಕಣ್ಣು ಮುಚ್ಚಿಕೊಂಡೇ "ಶುರು ಮಾಡಪ್ಪ" ಅಂದರು. ನಾನು ಆಗಲೇ ಒಂದು ಕಾಲು ಮುಗಿಸಿದ್ದೆ.

ಈಗ ಅಳತೆಗೆ ಬರೋಣ. ಅವರು ಬಂದಿದ್ದು ಬೆಳಿಗ್ಗೆ ಹತ್ತೂವರೆಗೆ. ಒಂದು ಸಲ ಅಳೆದು ಬರೆದುಕೊಂಡು, ಸಂಜೆ ಐದೂವರೆಗೆ ಇನ್ನೊಂದು ಸಲ ಬನ್ನಿ ಅಂದೆ. ಪಾಪ, ನೆಂಟರ ಮನೆಗೆ ಹೋಗಿ ಊಟ ಮುಗಿಸಿ ಬಂದರು.

ದಿನವಿಡೀ ನಿಂತು, ಕೂತು, ಕಾಲು ಇಳಿಬಿಟ್ಟುಕೊಂಡಿದ್ದರೆ ದೇಹದ ನೀರಿನಂಶ ಕೆಳಕ್ಕೆ ಇಳಿಯುತ್ತದೆ. ಎಲ್ಲರ ಕಾಲೂ ಸಂಜೆಗೆ ಸ್ವಲ್ಪ ದಪ್ಪವಾಗುತ್ತದೆ. ಊತ ಇರುವವರಿಗೆ ಆ ಸ್ವಲ್ಪ ತುಂಬಾ ಆಗುತ್ತದೆ. ಮೇಷ್ಟ್ರ ಎಡಗಾಲಿನ ಲೆಕ್ಕ ಹೀಗಿತ್ತು. ಉದ್ದ ಬೆಳಿಗ್ಗೆ 264 ಮಿ.ಮೀ., ಸಂಜೆ 266. ಬೆರಳುಗಳ ಬುಡದ ಹತ್ತಿರ ಪಾದದ ಅಗಲ 101 ಇದ್ದದ್ದು 105 ಆಯಿತು. ಅದೇ ಜಾಗದಲ್ಲಿ ಟೇಪು ಸುತ್ತಿ ಅಳೆದ ಸುತ್ತಳತೆ 248ರಿಂದ 260ಕ್ಕೆ ಏರಿತು. ನೋಡಿ, ಉದ್ದ ಬರೀ 2 ಮಿ.ಮೀ. ಬೆಳೆದಿದೆ, ಸುತ್ತಳತೆ 12 ಬೆಳೆದಿದೆ. ಊದುವ ಕಾಲು ಉದ್ದಕ್ಕೆ ಅಷ್ಟಾಗಿ ಬೆಳೆಯುವುದಿಲ್ಲ, ಸುತ್ತಲೂ ಉಬ್ಬುತ್ತದೆ. ಈ ಒಂದು ವಿಷಯ ತಲೆಯಲ್ಲಿ ಕೂತರೆ ಅರ್ಧ ತಪ್ಪು ತಪ್ಪುತ್ತದೆ.

ಮನೆಯಲ್ಲೇ ಅಳೆಯುವುದಾದರೆ ಹೀಗೆ ಮಾಡಿ. ಸಂಜೆ, ಹೊರಗೆ ಹಾಕುವ ಕಾಲುಚೀಲವನ್ನೇ ಹಾಕಿಸಿ, ಕಾಗದದ ಮೇಲೆ ಎರಡೂ ಕಾಲಿಗೆ ಸಮ ಭಾರ ಕೊಟ್ಟು ನಿಲ್ಲಿಸಿ. ಕೂತು ಅಳೆಸಿಕೊಂಡರೆ ಪಾದ ಪೂರ್ತಿ ಹರಡುವುದಿಲ್ಲ. ಅವರು ಬಗ್ಗಿ ನೋಡಬಾರದು, ಗೆರೆಯನ್ನು ಬೇರೆಯವರು ಎಳೆಯಬೇಕು. ಪೆನ್ಸಿಲ್ ನೆಟ್ಟಗೆ ನಿಂತಿರಲಿ. ಒಳಕ್ಕೆ ವಾಲಿದರೆ ಅಳತೆ ಚಿಕ್ಕದಾಗುತ್ತದೆ, ಹೊರಕ್ಕೆ ವಾಲಿದರೆ ದೊಡ್ಡದಾಗುತ್ತದೆ. ಹಿಮ್ಮಡಿಯಿಂದ ಎಲ್ಲಕ್ಕಿಂತ ಮುಂದಿರುವ ಬೆರಳಿನವರೆಗೆ ಅಳೆಯಿರಿ, ಅದು ಹೆಬ್ಬೆರಳೇ ಆಗಬೇಕಿಲ್ಲ, ಎಷ್ಟೋ ಜನಕ್ಕೆ ಅದರ ಪಕ್ಕದ ಬೆರಳೇ ಉದ್ದ. ಎರಡೂ ಕಾಲು ಅಳೆಯಲೇಬೇಕು. ಮೇಷ್ಟ್ರ ಬಲಗಾಲು 262 ಇತ್ತು. ದೊಡ್ಡ ಕಾಲಿಗೆ ತಕ್ಕ ಶೂ ತಗೊಂಡು ಚಿಕ್ಕ ಕಾಲಿನ ಶೂ ಒಳಗೆ ತೆಳ್ಳಗಿನ ಹಾಸು ಸೇರಿಸಬಹುದು, ಉಲ್ಟಾ ಮಾಡೋಕೆ ಆಗಲ್ಲ.

ಶೂ ಒಳಗಿನ ಉದ್ದ ಪಾದಕ್ಕಿಂತ 1ರಿಂದ 2 ಸೆಂ.ಮೀ. ಜಾಸ್ತಿ ಇರಬೇಕು. ನಡೆಯುವಾಗ ಪಾದ ಸ್ವಲ್ಪ ಮುಂದಕ್ಕೆ ಜಾರುತ್ತದೆ, ಆ ಜಾಗ ಅದಕ್ಕೆ. ನಮ್ಮಲ್ಲಿ ನಡೆಯುವ ಬ್ರಿಟಿಷ್ ಲೆಕ್ಕದಲ್ಲಿ ಒಂದು ನಂಬರ್ ಅಂದರೆ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು ಎಂಟೂವರೆ ಮಿ.ಮೀ. 7 ನಂಬರಿನ ಶೂ ಹೊಲಿಯುವ ಅಚ್ಚು ಸುಮಾರು 271 ಮಿ.ಮೀ. ಉದ್ದ, 8ರದ್ದು 279, 10ರದ್ದು 296. ಈಗ ಮೇಷ್ಟ್ರ 266ನ್ನು ಇದರ ಪಕ್ಕ ಇಡಿ. 7ರಲ್ಲಿ ಮುಂದೆ ಬರೀ 5 ಮಿ.ಮೀ. ಉಳಿಯುತ್ತದೆ, ಸಾಲದು. 10ರಲ್ಲಿ ಮೂರು ಸೆಂ.ಮೀ. ಖಾಲಿ. 8ರಲ್ಲಿ 13 ಮಿ.ಮೀ., ಸರಿಯಾದ ಜಾಗ.

ಹಾಗಾದರೆ 8 ನಂಬರ್ ಕೊಟ್ಟು ಕಳಿಸಿದರೆ ಮುಗೀತಾ? ಇಲ್ಲ. ನಮ್ಮ ಹತ್ತಿರ ಇದ್ದ ಮಾಮೂಲಿ 8ರ ಸುತ್ತಳತೆ 248. ಬೆಳಿಗ್ಗೆ ಅಳೆದಿದ್ದರೆ ಹೇಳಿ ಮಾಡಿಸಿದ ಹಾಗಿರುತ್ತಿತ್ತು, ಸಂಜೆಗೆ 12 ಮಿ.ಮೀ. ಕಡಿಮೆ. ಮಗ ಮಾಡಿದ ತಪ್ಪು ಇದೇ, ಅದೂ ಪ್ರೀತಿಯಿಂದ ಮಾಡಿದ್ದು. ಅಪ್ಪನ ಕಾಲು ಊದುತ್ತೆ ಅಂತ ನಂಬರ್ ಏರಿಸಿದ. ಒಂದು ನಂಬರ್ ಏರಿಸಿದರೆ ಸುತ್ತಳತೆ ಸಾಮಾನ್ಯವಾಗಿ 6 ಮಿ.ಮೀ. ಆಸುಪಾಸು ಏರುತ್ತದೆ. ಹಾಗಾಗಿ 12 ಸಿಗೋಕೆ ಎರಡು ನಂಬರ್ ಹತ್ತಬೇಕು, ಹತ್ತಿದರೆ ಉದ್ದ 17 ಮಿ.ಮೀ. ಸುಮ್ನೆ ಬೆಳೆಯುತ್ತದೆ. ಆಗ ಹಿಮ್ಮಡಿ ಪ್ರತಿ ಹೆಜ್ಜೆಗೂ ಎದ್ದು ಕೂತು ಉಜ್ಜುತ್ತದೆ. ಶೂ ಮಡಚುವ ಜಾಗ ಒಂದು ಕಡೆ, ಬೆರಳು ಮಡಚುವ ಜಾಗ ಇನ್ನೊಂದು ಕಡೆ ಆಗುತ್ತದೆ. ಅವರ ಹಿಮ್ಮಡಿಯ ಬೊಬ್ಬೆ ಬಂದಿದ್ದು ಹೀಗೆ. ಅವರಿಗೆ ಬೇಕಾಗಿದ್ದು 8 ನಂಬರೇ, ಆದರೆ ಅಗಲದ್ದು ಮತ್ತು ಒಳಗೆ ಆಳ ಇರುವಂಥದ್ದು.

ಅಂಗಡಿಯಲ್ಲಿ ಟೇಪು ಇಲ್ಲದಿದ್ದರೂ ಅಗಲ ನೋಡಬಹುದು. ಶೂ ಒಳಗಿನ ಅಟ್ಟೆಯನ್ನು ಹೊರಗೆ ತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿಸಿ. ಪಾದ ಎಲ್ಲಾದರೂ ಅಂಚು ದಾಟಿ ಹೊರಗೆ ಚೆಲ್ಲಿದರೆ ಆ ಶೂ ಬೇಡ. ಮುಂದೆ ಹೆಬ್ಬೆಟ್ಟಿನ ಅಗಲದಷ್ಟು ಅಟ್ಟೆ ಕಾಣಬೇಕು. ಅಟ್ಟೆಯನ್ನು ಅಂಟು ಹಾಕಿ ಕೂರಿಸಿದ್ದಾರೆ, ತೆಗೆಯೋಕೆ ಬರಲ್ಲ ಅಂದರೆ ಈ ಕಾಲಿಗೆ ಅದು ಹೇಗೂ ಆಗುವುದಿಲ್ಲ, ಯಾಕೆ ಅಂತ ಹೇಳುತ್ತೇನೆ.

ಆಳ ಅನ್ನುವುದು ಜನಕ್ಕೆ ಕಣ್ಣಿಗೆ ಕಾಣದ ಅಳತೆ. ಉದ್ದ ಗೊತ್ತು, ಅಗಲ ಗೊತ್ತು, ಅಟ್ಟೆಯಿಂದ ಮೇಲಿನ ಚರ್ಮದವರೆಗೆ ಎಷ್ಟು ಎತ್ತರ ಇದೆ ಅನ್ನುವುದನ್ನು ಯಾರೂ ನೋಡುವುದಿಲ್ಲ. ನರ ಮಂಕಾದಾಗ ಪಾದದೊಳಗಿನ ಸಣ್ಣ ಮಾಂಸಖಂಡಗಳೂ ಸೊರಗುತ್ತವೆ. ಆಗ ಬೆರಳುಗಳು ನೆಟ್ಟಗಿರದೆ ಹಕ್ಕಿಯ ಉಗುರಿನ ಹಾಗೆ ಮಡಚಿ ಮೇಲೆ ಗೂನು ಏಳುತ್ತವೆ. ಮೇಷ್ಟ್ರ ಎರಡನೇ ಬೆರಳು ಹಾಗೆ ಆಗಿತ್ತು. ಅದರ ಗೆಣ್ಣಿನ ಮೇಲೆ ಚರ್ಮ ಹೊಳೆಯುತ್ತಿತ್ತು, ಶೂ ಒಳಗಡೆ ಸರಿಯಾಗಿ ಅದೇ ಜಾಗದಲ್ಲಿ ಲೈನಿಂಗ್ ಸವೆದು ನುಣ್ಣಗಾಗಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ ಅವರು.

ಬೆರಳಿನ ಗೂನು ಒಂದು ಕಾರಣ. ಇನ್ನೊಂದು, ಕಾಲ ಕೆಳಗೆ ಹಾಕಬೇಕಾದ ಮೆತ್ತನೆ ಹಾಸು. ಮಾಮೂಲಿ ಶೂ ಒಳಗಿನ ಅಟ್ಟೆ 3 ಮಿ.ಮೀ. ಆಸುಪಾಸು ಇರುತ್ತದೆ. ನಾವು ಹಾಕುವುದು ಪಾದದ ಆಕಾರಕ್ಕೆ ತಿದ್ದಿದ 8 ಮಿ.ಮೀ. ಹಾಸು. ಅದು ಪಾದವನ್ನು 5 ಮಿ.ಮೀ. ಮೇಲಕ್ಕೆ ಎತ್ತುತ್ತದೆ. ಮಾಮೂಲಿ ಶೂಗೆ ಔಷಧಿ ಅಂಗಡಿಯ ಮೆತ್ತನೆ ಜೆಲ್ ಹಾಸು ತಂದು ತುರುಕಿದರೆ ಅಂಗಾಲಿಗೆ ಸುಖ, ಆದರೆ ಬೆರಳಿನ ಮೇಲ್ಭಾಗ ಚರ್ಮಕ್ಕೆ ಹೋಗಿ ಒತ್ತುತ್ತದೆ. ಒಂದು ಕಡೆ ಹುಣ್ಣು ತಪ್ಪಿಸಲು ಹೋಗಿ ಇನ್ನೊಂದು ಕಡೆ ತಂದುಕೊಂಡ ಹಾಗೆ. ಹೆಚ್ಚು ಆಳದ ಶೂ ಅಂದರೆ ಮುಂದಿನಿಂದ ಹಿಂದಿನವರೆಗೂ ಮಾಮೂಲಿಗಿಂತ 6ರಿಂದ 12 ಮಿ.ಮೀ. ಜಾಸ್ತಿ ಎತ್ತರ ಇರುವ ಶೂ. ಬೆರಳಿನ ಹತ್ತಿರ ಮಾತ್ರ ಉಬ್ಬಿಸಿದರೆ ಆಗುವುದಿಲ್ಲ, ಹಿಮ್ಮಡಿಯಲ್ಲೂ ಆ ಆಳ ಇಲ್ಲದಿದ್ದರೆ ದಪ್ಪ ಹಾಸು ಹಾಕಿದ ಕೂಡಲೇ ಹಿಮ್ಮಡಿ ಶೂನಿಂದ ಹೊರಗೆ ಎದ್ದು ಬರುತ್ತದೆ.

ಆಳ ಸಾಕಾ ಅಂತ ನೋಡೋಕೆ ನಾನು ಚಪಾತಿ ಹಿಟ್ಟು ಇಟ್ಟುಕೊಳ್ಳುತ್ತೇನೆ. ಕಡಲೆಕಾಳಿನಷ್ಟು ಉಂಡೆ ಮಾಡಿ, ತೆಳ್ಳನೆ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಎಲ್ಲಕ್ಕಿಂತ ಎತ್ತರದ ಬೆರಳಿನ ಗೆಣ್ಣಿನ ಮೇಲೆ ಕಾಲುಚೀಲದೊಳಗೆ ಇಡುತ್ತೇನೆ. ಶೂ ಹಾಕಿಸಿ ಹತ್ತು ಹೆಜ್ಜೆ ನಡೆಸಿ ತೆಗೆದು ನೋಡುತ್ತೇನೆ. ಉಂಡೆ ಸ್ವಲ್ಪ ಚಪ್ಪಟೆಯಾಗಿದ್ದರೆ ಪರವಾಗಿಲ್ಲ. ಹಪ್ಪಳದ ಹಾಗೆ ಅಂಟಿಕೊಂಡಿದ್ದರೆ ಅಲ್ಲಿ ಜಾಗವೇ ಇಲ್ಲ. ನೋಡಿದ ಮೇಲೆ ಉಂಡೆ ತೆಗೆಯುವುದನ್ನು ಮಾತ್ರ ಮರೆಯಬಾರದು, ಮಂಕಾದ ಕಾಲಿಗೆ ಅದೂ ಗೊತ್ತಾಗುವುದಿಲ್ಲ. ಮೇಷ್ಟ್ರ ಹಳೇ ಶೂನಲ್ಲಿ ಹಪ್ಪಳ ಆಯಿತು.

ಹಾಸಿನ ಬಗ್ಗೆ ಒಂದು ಮಾತು. ನಮ್ಮ ಕಡೆ ಹಳಬರು ಎಂ.ಸಿ.ಆರ್. ಚಪ್ಪಲಿ ಅಂತ ಹೇಳುವುದನ್ನು ಕೇಳಿರುತ್ತೀರಿ. ಮೈಕ್ರೋಸೆಲ್ಯುಲಾರ್ ರಬ್ಬರ್, ಒಳಗೆ ಸಣ್ಣಸಣ್ಣ ಗಾಳಿಗುಳ್ಳೆ ಇರುವ ಮೆತ್ತನೆ ರಬ್ಬರ್. ಪಕ್ಕದ ತಮಿಳುನಾಡಿನ ವೆಲ್ಲೂರಿನಲ್ಲಿ ಡಾಕ್ಟರ್ ಪಾಲ್ ಬ್ರಾಂಡ್ ಮತ್ತು ಅವರ ಜೊತೆಯವರು ಕುಷ್ಠದಿಂದ ಸ್ಪರ್ಶ ಕಳೆದುಕೊಂಡ ಕಾಲುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಆ ಹುಣ್ಣು ರೋಗದಿಂದ ತಾನಾಗೇ ಬರುವುದಲ್ಲ, ನೋವು ಗೊತ್ತಾಗದ ಕಾಲಿನ ಒಂದೇ ಜಾಗಕ್ಕೆ ಸಾವಿರಾರು ಹೆಜ್ಜೆ ಮತ್ತೆ ಮತ್ತೆ ಒತ್ತಡ ಬಿದ್ದು ಬರುವುದು ಅಂತ ತೋರಿಸಿದವರು ಅವರು. ನಿಮಗೂ ನನಗೂ ಒಂದು ಜಾಗ ನೋಯಲು ಶುರುವಾದರೆ ನಮಗೇ ಗೊತ್ತಿಲ್ಲದೆ ಕಾಲು ವಾಲಿಸಿ ನಡೆಯುತ್ತೇವೆ. ಸ್ಪರ್ಶ ಇಲ್ಲದವರು ವಾಲಿಸುವುದಿಲ್ಲ. ಶುಗರ್ ಕಾಲಿನ ಕಥೆಯೂ ಇದೇ, ಆ ಒತ್ತಡ ಒಂದೇ ಜಾಗಕ್ಕೆ ಬೀಳದಿರಲಿ ಅಂತಲೇ ಮೆತ್ತನೆ ಹಾಸು.

ಇನ್ನು ಹೊಲಿಗೆ. ಶೂ ಅಂದರೆ ನಾಲ್ಕೈದು ತುಂಡು ಸೇರಿಸಿ ಹೊಲಿದದ್ದು. ಸೇರಿದ ಕಡೆ ಒಳಗೆ ಒಂದು ದಿಂಡು ಇರುತ್ತದೆ. ಮಾಮೂಲಿ ಕಾಲಿಗೆ ಅದು ಎರಡು ದಿನ ಚುಚ್ಚಿ ಸುಮ್ಮನಾಗುತ್ತದೆ. ಊದಿದ ಕಾಲಿನ ಚರ್ಮ ಬಿಗಿದುಕೊಂಡು ತೆಳ್ಳಗಾಗಿರುತ್ತದೆ, ಶುಗರ್ ಕಾಲಿನ ಚರ್ಮ ಬೆವರದೆ ಒಣಗಿರುತ್ತದೆ, ಎರಡೂ ಸೇರಿದ ಕಡೆ ಒಂದು ದಾರದ ಗಂಟು ಸಾಕು. ಮುಖ್ಯವಾಗಿ ಮೂರು ಜಾಗ ನೋಡಿ: ಬೆರಳ ಬುಡದ ಎರಡೂ ಪಕ್ಕ, ನಾಲಗೆ ಹೊಲಿದಿರುವ ಬುಡ, ಹಿಮ್ಮಡಿಯ ಗಟ್ಟಿ ತುಂಡು ಕೊನೆಯಾಗುವ ಅಂಚು. ಕಣ್ಣಿಗೆ ಇವು ಕಾಣುವುದಿಲ್ಲ, ಕೈ ಹಾಕಿಯೇ ನೋಡಬೇಕು. ಗಟ್ಟಿ ಕೆಲಸ ಮಾಡಿದ ಕೈಬೆರಳಿಗೆ ಸಣ್ಣ ಒರಟು ಗೊತ್ತಾಗದೇ ಇರಬಹುದು. ಅಂಥವರು ಸ್ವಲ್ಪ ಹತ್ತಿ ತಗೊಂಡು ಶೂ ಒಳಗೆ ಎಲ್ಲಾ ಕಡೆ ಸವರಿ. ಎಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡು ಉಳಿಯುತ್ತದೋ ಅಲ್ಲಿ ನಾಳೆ ಚರ್ಮವೂ ಸಿಕ್ಕಿಕೊಳ್ಳುತ್ತದೆ. ಹೊಲಿಗೆ ಇಲ್ಲದ ಲೈನಿಂಗ್ ಅಂದರೆ ಒಳಗಿನ ಬಟ್ಟೆ ಅಥವಾ ಮೆದು ಚರ್ಮ ಬೆರಳಿನ ಭಾಗದಲ್ಲಿ ಒಂದೇ ತುಂಡಾಗಿ ಬಂದಿರುವುದು, ಸೇರಿಸುವ ಹೊಲಿಗೆ ಹೊರಮೈಯಲ್ಲೋ ಪಾದ ತಾಗದ ಜಾಗದಲ್ಲೋ ಇರುವುದು. ಕಾಲುಚೀಲಕ್ಕೂ ಇದೇ ಮಾತು. ಬೆರಳ ತುದಿಯಲ್ಲಿ ದಪ್ಪ ಹೊಲಿಗೆ ಇದ್ದರೆ ತಿರುವಿ ಹಾಕಿಕೊಳ್ಳಿ, ಯಾರೂ ನೋಡಲ್ಲ. ಬಿಳಿಯದೇ ಇರಲಿ, ಕಲೆ ಕಾಣುತ್ತದೆ. ಮೇಷ್ಟ್ರ ಮನೆಯಲ್ಲಿ ಗೊತ್ತಾಗಿದ್ದೇ ಅದರಿಂದ. ಮೇಲೆ ಬಿಗಿ ಎಲಾಸ್ಟಿಕ್ ಇರುವುದು ಬೇಡ, ಊದಿದ ಕಾಲಿಗೆ ಬಳೆ ತೊಡಿಸಿದ ಹಾಗೆ ಗುರುತು ಬೀಳುತ್ತದೆ.

ಸಂಜೆಯ ಅಳತೆಗೆ ಮಾಡಿದ ಶೂ ಬೆಳಿಗ್ಗೆ ಲೂಸ್ ಆಗುವುದಿಲ್ಲವಾ ಅಂತ ಕೇಳುತ್ತಾರೆ. ಆಗುತ್ತದೆ. ಅದಕ್ಕೇ ಇಂಥ ಶೂಗೆ ಲೇಸಿನ ಬದಲು ಎರಡು ಮೂರು ಅಗಲದ ವೆಲ್ಕ್ರೋ ಪಟ್ಟಿ ಇರಬೇಕು, ಬಾಯಿ ಬೆರಳ ಬುಡದವರೆಗೂ ತೆರೆಯಬೇಕು. ಬೆಳಿಗ್ಗೆ ಪಟ್ಟಿ ಎಳೆದು ಹಾಕಿ, ಮಧ್ಯಾಹ್ನ ಊಟದ ಹೊತ್ತಿಗೆ ಸಡಿಲ ಮಾಡಿ. ಲೇಸು ಹಾಕಿದರೆ ಬೆಳಿಗ್ಗೆ ಕಟ್ಟಿದ್ದನ್ನು ರಾತ್ರಿಯವರೆಗೆ ಯಾರೂ ಮುಟ್ಟುವುದಿಲ್ಲ. ಬಗ್ಗೋಕೆ ಆಗದ ವಯಸ್ಸಾದವರಿಗಂತೂ ವೆಲ್ಕ್ರೋನೇ ಸರಿ.

ಶೂ ಒಗ್ಗಲ್ಲ, ಚಪ್ಪಲಿಯೇ ಬೇಕು ಅನ್ನುವವರು ಜಾಸ್ತಿ. ತಪ್ಪಲ್ಲ, ನಮ್ಮ ಸೆಕೆಗೆ ಅದೇ ಸಹಜ. ಆದರೆ ಉಂಗುಷ್ಟದ ಚಪ್ಪಲಿ, ಹವಾಯಿ ಚಪ್ಪಲಿ ಬೇಡ. ಬೆರಳ ಸಂದಿಯಲ್ಲಿ ಪಟ್ಟಿ ಉಜ್ಜುತ್ತದೆ, ಕಾಲಿಂದ ಜಾರಿ ಹೋದರೂ ಗೊತ್ತಾಗುವುದಿಲ್ಲ. ಹಿಂದೆ ಪಟ್ಟಿ ಇರುವ, ಮುಂದೆ ಬೆರಳು ಮುಚ್ಚುವ, ಪಟ್ಟಿಯ ಒಳಗೆ ಮೆತ್ತನೆ ಬಟ್ಟೆ ಇರುವ ಸ್ಯಾಂಡಲ್ ತಗೊಳ್ಳಿ. ಮನೆಯೊಳಗೆ ಹಾಕೋಕೆ ಬೇರೆ ಒಂದು ಜೊತೆ ಇರಲಿ. ಹೊರಗೆ ದುಬಾರಿ ಶೂ ಹಾಕಿ ಮನೆಗೆ ಬಂದು ಬರಿಗಾಲಲ್ಲಿ ಓಡಾಡಿದರೆ ದಿನದ ಅರ್ಧ ಹೆಜ್ಜೆಗೆ ರಕ್ಷಣೆಯೇ ಇಲ್ಲ. ದೇವಸ್ಥಾನಕ್ಕೆ ಬಿಸಿಲು ಏರುವ ಮುಂಚೆ ಹೋಗಿ ಬನ್ನಿ. ಮಧ್ಯಾಹ್ನದ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆ ಹಾಕಿ ಅಂಗಾಲು ಪೂರ್ತಿ ಬೊಬ್ಬೆ ಎದ್ದು ಬಂದ ಒಬ್ಬ ತಾಯಿಯ ಕಾಲು ನನ್ನ ಕಣ್ಣ ಮುಂದೆ ಇನ್ನೂ ಇದೆ. ಬಿಸಿ ಅಂತಲೇ ಅವರಿಗೆ ಗೊತ್ತಾಗಿರಲಿಲ್ಲ.

ಎಲ್ಲ ಊತಕ್ಕೂ ಶೂ ಪರಿಹಾರ ಅಲ್ಲ, ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಒಂದೇ ಕಾಲು ಇದ್ದಕ್ಕಿದ್ದ ಹಾಗೆ ಊದಿದೆ, ಕೆಂಪಾಗಿದೆ, ಇನ್ನೊಂದು ಕಾಲಿಗಿಂತ ಬಿಸಿಯಾಗಿದೆ, ಆದರೆ ಹೇಳಿಕೊಳ್ಳುವ ನೋವಿಲ್ಲ ಅಂದರೆ ಪಾದದ ಮೂಳೆಗಳು ಒಳಗೇ ಸಡಿಲವಾಗಿ ಮುರಿಯುತ್ತಿರಬಹುದು. ಶಾರ್ಕೋ ಪಾದ ಅನ್ನುತ್ತಾರೆ. ಅದರ ಮೇಲೆ ನಡೆದಷ್ಟೂ ಪಾದದ ಕಮಾನು ಕುಸಿಯುತ್ತದೆ. ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು, ಆ ಕಾಲಿಗೆ ಭಾರ ಹಾಕಬಾರದು. ಮೀನಖಂಡ ಸೇರಿ ಒಂದೇ ಕಾಲು ಊದಿದರೆ ರಕ್ತ ಹೆಪ್ಪುಗಟ್ಟಿರಬಹುದು, ಅದಕ್ಕೂ ಅದೇ ಅವಸರ. ಎರಡೂ ಕಾಲು ಹೊಸದಾಗಿ ಊದಲು ಶುರುವಾದರೆ ಮೂತ್ರಪಿಂಡ, ಹೃದಯ, ಇಲ್ಲವೇ ಮಾತ್ರೆ ಕಾರಣ ಇರಬಹುದು. ಅಮ್ಲೋಡಿಪಿನ್ ಅನ್ನುವ ಬಿಪಿ ಮಾತ್ರೆಯಿಂದ ಹರಡಿನ ಹತ್ತಿರ ಊದುವುದು ಸಾಮಾನ್ಯ. ಮೇಷ್ಟ್ರು ಅದನ್ನೇ ತಗೊಳ್ಳುತ್ತಿದ್ದರು. ನೀವಾಗೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ. ಇನ್ನು, ಹಿಂದೆ ಹುಣ್ಣಾಗಿ ವಾಸಿಯಾದ ಕಾಲು, ಬೆರಳು ತೆಗೆದ ಕಾಲು, ನಡೆದರೆ ಮೀನಖಂಡ ನೋಯುವ ತಣ್ಣನೆ ಕಾಲು, ಇವಕ್ಕೆ ಅಂಗಡಿಯ ಶೂ ಸಾಲುವುದಿಲ್ಲ. ಪಾದದ ಚಿಕಿತ್ಸೆ ಮಾಡುವ ವಿಭಾಗಕ್ಕೆ ತೋರಿಸಿ ಆ ಕಾಲಿಗೆಂದೇ ಮಾಡಿಸಬೇಕು.

ಮೇಷ್ಟ್ರ ಹಿಮ್ಮಡಿಯ ಗಾಯ ಡಾಕ್ಟರ ಕೈಯಲ್ಲಿ ಪೂರ್ತಿ ಮಾಗಲು ಐದು ವಾರ ಹಿಡಿಯಿತು. ಆಮೇಲೆ ಇನ್ನೊಂದು ಸಂಜೆ ಅಳೆದು ಹೊಸ ಶೂ ಕೊಟ್ಟೆ. 8 ನಂಬರ್, ಅಗಲದ ಅಚ್ಚು, ಒಳಗೆ 8 ಮಿ.ಮೀ. ಹಾಸು, ಮೂರು ಪಟ್ಟಿ. ಬಲಗಾಲಿಗೆ 3 ಮಿ.ಮೀ. ಹಾಸು ಹೆಚ್ಚುವರಿ. ಮೊದಲ ದಿನ ಮನೆಯೊಳಗೆ ಒಂದೇ ಗಂಟೆ ಹಾಕಿ, ತೆಗೆದು, ಕಾಲುಚೀಲ ಬಿಚ್ಚಿ, ಮೇಲೆ ಕೆಳಗೆ ಕನ್ನಡಿ ಹಿಡಿದು ನೋಡಿ ಅಂದೆ. ಕೆಂಪು ಗುರುತು ಇಪ್ಪತ್ತು ನಿಮಿಷದಲ್ಲಿ ಮಾಯವಾದರೆ ಮರುದಿನ ಎರಡು ಗಂಟೆ, ಉಳಿದರೆ ಶೂ ವಾಪಸ್ ತನ್ನಿ, ಕಾಲು ಹೊಂದಿಕೊಳ್ಳುತ್ತೆ ಅಂತ ಕಾಯಬೇಡಿ. ಮೂರನೇ ದಿನಕ್ಕೆ ತಂದರು. ಎಡಗಾಲಿನ ಕಿರುಬೆರಳಿನ ಪಕ್ಕ ಕಡಲೆಕಾಳಿನಷ್ಟು ಕೆಂಪು ಹಾಗೇ ಉಳಿದಿತ್ತು. ಆ ಜಾಗದಲ್ಲಿ ಚರ್ಮವನ್ನು ಹಿಗ್ಗಿಸುವ ಕಡ್ಡಿಯಿಂದ ಒಳಗಿನಿಂದ ಸ್ವಲ್ಪ ಉಬ್ಬಿಸಿಕೊಟ್ಟೆ. ಅಷ್ಟರಲ್ಲಿ ಸರಿಹೋಯಿತು.

"ಲೂಸ್ ಅನ್ಸುತ್ತಪ್ಪ ಇನ್ನೂ" ಅಂತ ಫೋನು ಮಾಡುತ್ತಲೇ ಇದ್ದರು. ನಾಲ್ಕು ತಿಂಗಳಾದ ಮೇಲೆ ಬಂದಾಗ ಹಾಸು ಹೊರಗೆ ತೆಗೆದು ಬೆಳಕಿಗೆ ಹಿಡಿದೆ. ಹಿಮ್ಮಡಿಯ ಗುರುತು ಒಂದೇ ಜಾಗದಲ್ಲಿ ದುಂಡಗೆ ಅಚ್ಚೊತ್ತಿತ್ತು, ಕಾಲು ಒಳಗೆ ಜಾರಾಡಿದ್ದರೆ ಅದು ಉದ್ದಕ್ಕೆ ಎಳೆದ ಹಾಗೆ ಇರುತ್ತಿತ್ತು. ಎರಡನೇ ಬೆರಳ ಬುಡದಲ್ಲಿ ಮಾತ್ರ ಹಾಸು ತಗ್ಗಾಗಿ, ಒತ್ತಿದರೆ ಮೇಲೆ ಏಳುತ್ತಿರಲಿಲ್ಲ. ಅದನ್ನು ಅವರ ಬೆರಳಿಂದಲೇ ಒತ್ತಿ ನೋಡಿಸಿ, ಹಳೇ ಹಾಸು ತೆಗೆದು ಹೊಸದು ಹಾಕಿಕೊಟ್ಟೆ.